ಐಇಎಲ್‌ಟಿಎಸ್ ಲಿಸನಿಂಗ್: ಒಂದು ಉತ್ತರ ತಪ್ಪಿದರೆ ಅದರ ಹಿಂದೆ ಇನ್ನೂ ಮೂರು ಹೋಗದಂತೆ

ಕೆನಡಾಕ್ಕೆ ಬಂದು, ಕೆಲಸ ಹಿಡಿದು, ಈಗ ಪಿಆರ್‌ಗೆ ಅರ್ಜಿ ಹಾಕಲು ಹೊರಟಿರುವ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವುದು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಲಿಸನಿಂಗ್ ಬಗ್ಗೆ. ಕಾರಣ ಇದೆ. ಪಿಆರ್ ಅರ್ಜಿಯ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕೆನಡಾದ ಭಾಷಾ ಮಟ್ಟದ ಅಳತೆಯಾದ ಸಿಎಲ್‌ಬಿ 9 ಬೇಕು ಅಂದರೆ ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಮೂರಕ್ಕೂ 7 ಬಂದರೆ ಸಾಕು, ಲಿಸನಿಂಗ್‌ಗೆ ಮಾತ್ರ 8 ಬೇಕು. 8 ಅಂದರೆ 40 ಪ್ರಶ್ನೆಗಳಲ್ಲಿ ಸುಮಾರು 35 ಸರಿ. ಹಾಗಾಗಿ ನಾಲ್ಕೈದು ತಪ್ಪಿದರೂ ನಡೆಯುತ್ತದೆ. ಆದರೆ ಒಂದು ತಪ್ಪಿದಾಗ ಅದರ ಹಿಂದೆ ಇನ್ನೂ ಮೂರು ಹೋದರೆ, ಒಂದೇ ಹೊಡೆತಕ್ಕೆ ಆ ಲೆಕ್ಕ ಮುಗಿಯಿತು.

ಆಡಿಯೋ ಒಂದೇ ಸಲ ಹಾಕುತ್ತಾರೆ. ನಾಲ್ಕು ಭಾಗ, ಒಂದೊಂದರಲ್ಲಿ ಹತ್ತು ಪ್ರಶ್ನೆ, ಒಟ್ಟು ಅರ್ಧ ಗಂಟೆ. ತಪ್ಪು ಬರೆದರೆ ಅಂಕ ಕಳೆಯುವುದಿಲ್ಲ. ಇನ್ನೊಂದು ಮಾತು ಚೆನ್ನಾಗಿ ನೆನಪಿರಲಿ: ಖಾಲಿ ಜಾಗ ತುಂಬುವ ಪ್ರಶ್ನೆಗಳ ಉತ್ತರ ಪ್ರಶ್ನೆಯ ಕ್ರಮದಲ್ಲೇ ಬರುತ್ತದೆ. ಐದರ ಉತ್ತರ ಬಂದ ಮೇಲೆ ನಾಲ್ಕರದ್ದು ಬರುವುದಿಲ್ಲ.

ನನ್ನ ಅಣ್ಣನ ಮಗಳು ರಜೆಗೆ ಬಾಗಲಕೋಟೆಗೆ ಬಂದಿದ್ದಾಗ ನವನಗರದ ಮನೆಯಲ್ಲಿ ಕೂತು ಅಭ್ಯಾಸ ಮಾಡಿದ್ದನ್ನೇ ಇಲ್ಲಿ ಹೇಳುತ್ತೇನೆ. ಪ್ರಶ್ನೆ ನಾನೇ ಬರೆದದ್ದು, ಮೊದಲ ಭಾಗದಲ್ಲಿ ಬರುವ ಫೋನ್ ಮಾತುಕತೆಯ ಥರದ್ದು. ಒಬ್ಬಾಕೆ ಸಮುದಾಯ ಭವನದ ಹಾಲ್ ಬುಕ್ ಮಾಡಲು ಫೋನ್ ಮಾಡುತ್ತಾಳೆ. ನಾಲ್ಕನೇ ಪ್ರಶ್ನೆ ಗಂಟೆಗೆ ಬಾಡಿಗೆ ಎಷ್ಟು ಅಂತ. ಐದು, ಕಿಚನ್ ಬಳಸಲು ಏನು ಕೊಡಬೇಕು. ಆರು, ಪಾರ್ಕಿಂಗ್ ಯಾವುದರ ಹಿಂದೆ ಇದೆ. ಏಳು, ಕೀಲಿ ಕೊಡುವವರ ಹೆಸರು, ಮಿಸೆಸ್ ಅಂತ ಬರೆದು ಮುಂದೆ ಖಾಲಿ.

ಆಫೀಸಿನವನು ಮೊದಲು ಬಾಡಿಗೆ 40 ಡಾಲರ್ ಇತ್ತು ಅನ್ನುತ್ತಾನೆ. ಆಮೇಲೆ ಜನವರಿಯಿಂದ 45 ಆಗಿದೆ ಅನ್ನುತ್ತಾನೆ. ಈ ಏರಿಯಾದವರಿಗೆ 38, ನೀವು ಇಲ್ಲಿಯವರಾ ಅಂತಲೂ ಕೇಳುತ್ತಾನೆ. ಅವಳು ಇಲ್ಲ, ಪಕ್ಕದ ಊರು ಅನ್ನುತ್ತಾಳೆ. ಉತ್ತರ 45. ನಮ್ಮ ಹುಡುಗಿ 40 ಅಂತ ಬರೆದಳು, ಹೊಡೆದು ಹಾಕಿದಳು, 38 ಬರೆದಳು, ಮತ್ತೆ ಯೋಚನೆಗೆ ಬಿದ್ದಳು. ಅಷ್ಟರಲ್ಲಿ ಅಲ್ಲಿ ಮಾತು ಮುಂದೆ ಹೋಗಿತ್ತು. "ಊಟ ಬಿಸಿ ಮಾಡುವುದಿದ್ದರೆ ಡೆಪಾಸಿಟ್ ಕಟ್ಟಬೇಕು" ಅಂದ, ಕಿಚನ್ ಅನ್ನುವ ಪದವೇ ಬರಲಿಲ್ಲ. "ಬಂದವರು ಕಾರು ಎಲ್ಲಿ ಬಿಡಬೇಕು" ಅಂದಳು, "ಲೈಬ್ರರಿ ಹಿಂದೆ" ಅಂದ, ಪಾರ್ಕಿಂಗ್ ಅನ್ನುವ ಪದವೂ ಬರಲಿಲ್ಲ. ಇವಳು ಕಿಚನ್ ಅನ್ನುವುದಕ್ಕೇ ಕಾಯುತ್ತಿದ್ದಳು. ಮಿಸೆಸ್ ಕೇಳಿ ಎಚ್ಚರಾಗುವಷ್ಟರಲ್ಲಿ ಸ್ಪೆಲಿಂಗ್ ಅರ್ಧ ಮುಗಿದಿತ್ತು. "ಕಾಕಾ, ನಲವತ್ತೋ ನಲವತ್ತೈದೋ ಅನ್ನೋದ್ರಾಗ ಉಳಿದದ್ದೆಲ್ಲಾ ಹೋತು ನೋಡ್ರಿ" ಅಂದಳು. ನಾಲ್ಕು ಅಂಕ ಹೋಯಿತು. ಅವಳ ಇಂಗ್ಲಿಷಿನಲ್ಲಿ ಕೊರತೆ ಏನೂ ಇರಲಿಲ್ಲ.

ಇದನ್ನು ತಡೆಯುವ ಕೆಲಸ ಆಡಿಯೋ ಶುರುವಾಗುವ ಮೊದಲೇ ಆಗಬೇಕು. ಪ್ರಶ್ನೆ ಓದಲು ಸಿಗುವುದು ಅರ್ಧ ನಿಮಿಷದ ಆಸುಪಾಸು. ಆಗ ಸುಮ್ನೆ ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಪ್ರಯೋಜನ ಇಲ್ಲ. ಮೊದಲು ಎಷ್ಟು ಪದ ಬರೆಯಬಹುದು ಅನ್ನುವ ಸೂಚನೆ ನೋಡಿ. ಒಂದೇ ಪದ ಅಂದಲ್ಲಿ ಎರಡು ಬರೆದರೆ ಸರಿ ಉತ್ತರವೂ ತಪ್ಪು. ಆಮೇಲೆ ಪ್ರತಿ ಖಾಲಿ ಜಾಗಕ್ಕೆ ಏನು ಬರಬಹುದು ಅಂತ ಮನಸ್ಸಿನಲ್ಲೇ ಅಂದುಕೊಳ್ಳಿ: ದುಡ್ಡು, ವಸ್ತು, ಕಟ್ಟಡ, ಹೆಸರು. ದುಡ್ಡು, ತಾರೀಖು, ವಾರ ಇದ್ದಲ್ಲಿ ಮೊದಲು ಒಂದು ಹೇಳಿ ಆಮೇಲೆ ಬದಲಾಯಿಸುವ ಸಾಧ್ಯತೆ ಜಾಸ್ತಿ. ಅದಕ್ಕೆ ಮೊದಲೇ ತಯಾರಿರಿ.

ಮೂರನೆಯದು ಹೆಚ್ಚಿನವರು ಮಾಡುವುದೇ ಇಲ್ಲ, ನನ್ನ ಪ್ರಕಾರ ಅದೇ ಮುಖ್ಯ. ಪ್ರಶ್ನೆಯಲ್ಲಿರುವ ಯಾವ ಪದವನ್ನು ಮಾತಾಡುವವರು ಬದಲಾಯಿಸಲು ಆಗುವುದಿಲ್ಲ ಅಂತ ನೋಡಿ. ಕಿಚನ್ ಅನ್ನು ಹತ್ತು ಥರ ಹೇಳಬಹುದು, ಪಾರ್ಕಿಂಗ್ ಕೂಡ ಅಷ್ಟೇ. ಆದರೆ ಮಿಸೆಸ್ ಅನ್ನು, ಊರಿನ ಹೆಸರನ್ನು, ಇಸವಿಯನ್ನು ಹಾಗೇ ಹೇಳಲೇಬೇಕು. ಇವು ಗಟ್ಟಿ ಗುರುತುಗಳು. ಹತ್ತು ಪ್ರಶ್ನೆಯಲ್ಲಿ ಇಂಥವು ಎರಡೋ ಮೂರೋ ಸಿಗುತ್ತವೆ, ಅವು ಎಲ್ಲಿವೆ ಅಂತ ಗೊತ್ತಿದ್ದರೆ ಸಾಕು. ಉಳಿದ ಪದಗಳಿಗೆ ಕಿವಿ ಕೊಡಬೇಡಿ, ಅವುಗಳ ವಿಷಯಕ್ಕೆ ಕೊಡಿ: ಅಡುಗೆ, ಊಟ, ಒಲೆ, ಇದರ ಸುತ್ತಮುತ್ತ ಏನು ಬಂದರೂ ಅದು ಐದನೇ ಪ್ರಶ್ನೆ.

ಆಡಿಯೋ ನಡೆಯುವಾಗ ಕಣ್ಣು ಒಂದೇ ಪ್ರಶ್ನೆಯ ಮೇಲೆ ನೆಡಬಾರದು, ಈಗಿನದು ಮತ್ತು ಮುಂದಿನದು ಎರಡೂ ಕಾಣುತ್ತಿರಲಿ. ನಾಲ್ಕರ ಉತ್ತರ ಇನ್ನೂ ಸಿಗಲಿಲ್ಲ, ಆದರೆ ಊಟದ ಮಾತು ಶುರುವಾಯಿತು ಅಂದರೆ ನಾಲ್ಕು ಹೋಯಿತು ಅಂತಲೇ ಲೆಕ್ಕ. ಅಲ್ಲೇ ಬಿಡಿ. ಕಿವಿಗೆ ಬಿದ್ದ ಕೊನೆಯ ಸಂಖ್ಯೆ ಏನೋ ಒಂದು ಬರೆದು ಐದಕ್ಕೆ ಹೋಗಿ. ಈಗ ಎಲ್ಲಿದ್ದಾರೆ ಅಂತಲೇ ತಿಳಿಯದಿದ್ದರೆ ಐದು, ಆರರಲ್ಲಿ ಹುಡುಕುತ್ತಾ ಕೂರಬೇಡಿ, ನೇರ ಮುಂದಿನ ಗಟ್ಟಿ ಗುರುತಿಗೆ, ಅಂದರೆ ಏಳರ ಮಿಸೆಸ್‌ಗೆ ಹೋಗಿ ಕಾಯಿರಿ. ದಾರಿಯಲ್ಲಿ ಐದೋ ಆರೋ ಸಿಕ್ಕರೆ ಲಾಭ, ಸಿಗದಿದ್ದರೂ ಏಳಂತೂ ಕೈಯಲ್ಲಿರುತ್ತದೆ. ತಪ್ಪಿದ ವಾಕ್ಯವನ್ನು ತಲೆಯಲ್ಲಿ ಮತ್ತೆ ಓಡಿಸುವುದು, ಕನ್ನಡಕ್ಕೆ ತಿರುಗಿಸಿ ನೋಡುವುದು, ಇವೆರಡೂ ಆಗ ಬೇಡ. ಹಳೆಯದನ್ನು ನೆನೆಯುತ್ತಾ ಹೊಸದನ್ನು ಕೇಳುವುದು ಯಾರಿಗೂ ಕಷ್ಟ.

ನಾಲ್ಕನೇ ಭಾಗದಲ್ಲಿ ಇದು ಇನ್ನೂ ಬೇಕಾಗುತ್ತದೆ. ಅದು ಒಬ್ಬರೇ ಮಾತಾಡುವ ಪಾಠ, ನಡುವೆ ಬಿಡುವು ಇಲ್ಲ. ಟಿಪ್ಪಣಿ ರೂಪದಲ್ಲಿದ್ದರೆ ಅದರ ಉಪಶೀರ್ಷಿಕೆಗಳೇ ನಿಮ್ಮ ಗುರುತು. ಪಾಠ ಮಾಡುವವರು ಹೊಸ ವಿಷಯಕ್ಕೆ ಹೊರಳುವಾಗ 'ನೌ', 'ನೆಕ್ಸ್ಟ್', 'ಟರ್ನಿಂಗ್ ಟು' ಅಂತ ಏನಾದರೂ ಹೇಳುತ್ತಾರೆ, ದಾರಿ ತಪ್ಪಿದವರು ಅಲ್ಲಿ ಮತ್ತೆ ಸೇರಿಕೊಳ್ಳಬಹುದು. ಆದರೆ ಒಂದು ಮಿತಿ ಇದೆ: ಐದರಲ್ಲಿ ಎರಡು ಆರಿಸಿ ಅನ್ನುವ ಪ್ರಶ್ನೆಯಲ್ಲಿ ಆ ಎರಡು ಯಾವ ಕ್ರಮದಲ್ಲಾದರೂ ಬರಬಹುದು. ಅಲ್ಲಿ ಕ್ರಮವನ್ನು ನಂಬಬೇಡಿ.

ಅಭ್ಯಾಸ ಹೀಗೆ ಮಾಡಿ. ರೂಮ್‌ಮೇಟ್ ಯಾರಾದರೂ ಇದ್ದರೆ ಆಡಿಯೋ ಅವರ ಕೈಗೆ ಕೊಡಿ. ಅವರು ತಮಗೆ ಬೇಕಾದಲ್ಲಿ ಹತ್ತು ಸೆಕೆಂಡು ಸೌಂಡ್ ಪೂರ್ತಿ ಇಳಿಸಲಿ, ಆಡಿಯೋ ನಿಲ್ಲಿಸಬಾರದು. ಸೌಂಡ್ ಮತ್ತೆ ಬಂದಾಗ ಈಗ ಯಾವ ಪ್ರಶ್ನೆ ಅಂತ ನೀವು ಬೆರಳಿಟ್ಟು ತೋರಿಸಬೇಕು. ನವನಗರದಲ್ಲಿ ನಾವು ಮಾಡಿದ್ದು ಇದನ್ನೇ. ಮೊದಮೊದಲು ಅವಳು ಎರಡು ಪ್ರಶ್ನೆ ಹಿಂದೆ ಬೆರಳಿಡುತ್ತಿದ್ದಳು, ರಜೆ ಮುಗಿಯುವ ಹೊತ್ತಿಗೆ ಹೆಚ್ಚಿನ ಸಲ ಸರಿಯಾದ ಜಾಗಕ್ಕೇ ಬೆರಳು ಹೋಗುತ್ತಿತ್ತು. ಉತ್ತರ ನೋಡುವಾಗಲೂ ಎಷ್ಟು ತಪ್ಪು ಅಂತ ಮಾತ್ರ ಎಣಿಸಬೇಡಿ. ಒಂಟಿಯಾಗಿ ತಪ್ಪಿದ್ದು ಎಷ್ಟು, ಸಾಲಾಗಿ ತಪ್ಪಿದ್ದು ಎಷ್ಟು ಅಂತ ಬೇರೆ ಬೇರೆ ಬರೆದಿಡಿ. ಒಂಟಿ ತಪ್ಪುಗಳಿಗೆ ಸ್ಪೆಲಿಂಗ್, ಉಚ್ಚಾರ ನೋಡಿಕೊಳ್ಳಿ, ಥರ್ಟೀನ್ ಮತ್ತು ಥರ್ಟಿ, ಅಕ್ಷರಗಳಲ್ಲಿ ಜಿ ಮತ್ತು ಜೆ, ಇಂಥವು. ಸಾಲು ತಪ್ಪುಗಳಿಗೆ ಮೇಲೆ ಹೇಳಿದ ಅಭ್ಯಾಸವೇ ಮದ್ದು.

ಕಂಪ್ಯೂಟರ್‌ನಲ್ಲಿ ಬರೆಯುವವರಿಗೆ ಕೊನೆಯಲ್ಲಿ ಸಿಗುವುದು ಎರಡೇ ನಿಮಿಷ, ಕಾಗದದ ಪರೀಕ್ಷೆಯ ಹತ್ತು ನಿಮಿಷ ಇಲ್ಲಿಲ್ಲ. ಬಿಟ್ಟು ಬಂದ ಜಾಗಗಳಿಗೆ ಆಗ ಹೋಗಿ, ಖಾಲಿ ಇದ್ದರೆ ಸರಿಹೊಂದುವ ಪದ ಏನಾದರೂ ತುಂಬಿ, ಬಹುವಚನದ 'ಎಸ್' ಬಿಟ್ಟಿದ್ದೀರಾ ನೋಡಿ. ಬರೆದಿಟ್ಟ ಉತ್ತರವನ್ನು ಮಾತ್ರ ಸುಮ್ನೆ ಅನುಮಾನಕ್ಕೆ ಬದಲಾಯಿಸಬೇಡಿ.