ತೀರ್ಪುಗಾರರ ಮಾತು ತಂಡದ ಕೈಗೆ: ಹ್ಯಾಕಥಾನ್ ರೆಕಾರ್ಡಿಂಗ್‌ನಿಂದ ವರದಿ ಬರೆಯುವ ಬಗೆ

ಹ್ಯಾಕಥಾನ್‌ನಲ್ಲಿ ಬಹುಮಾನ ತಪ್ಪಿದ ತಂಡದವರು ‘ನಮಗೆ ಅಂಕ ಎಲ್ಲಿ ಹೋಯ್ತು?’ ಎಂದೇ ಕೇಳುತ್ತಾರೆ. ಉತ್ತರ ತೀರ್ಪುಗಾರರ ರೆಕಾರ್ಡಿಂಗ್‌ನಲ್ಲಿ ಇರುತ್ತದೆ, ಹುಡುಕಿ ತೆಗೆಯಬೇಕು ಅಷ್ಟೆ. ಶಿರಸಿಯ ಕಾಲೇಜೊಂದರಲ್ಲಿ ಸ್ಪರ್ಧೆ ನಡೆದಿದೆ ಎಂದುಕೊಳ್ಳಿ. ಮಳೆಯ ಮುನ್ಸೂಚನೆ ನೋಡಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಯಾವಾಗ ಹೊಡೆಯಬೇಕೆಂದು ತಿಳಿಸುವ ಆ್ಯಪನ್ನು ಒಂದು ತಂಡ ಮಾಡಿದೆ. ಉಪಯುಕ್ತತೆಗೆ ಮೂವರು ತೀರ್ಪುಗಾರರು ಹತ್ತಕ್ಕೆ ಕೊಟ್ಟ ಅಂಕ 8, 8, 4.

ಮೊದಲು ರೆಕಾರ್ಡಿಂಗನ್ನು ತಂಡವಾರು ತುಂಡು ಮಾಡಿ. ಯಾವ ದನಿ ಯಾರದು ಎಂದು ಆಮೇಲೆ ಗೊತ್ತಾಗುವುದಿಲ್ಲ. ಹಾಗಾಗಿ ರೆಕಾರ್ಡಿಂಗಿಗೆ ಮೊದಲೇ ಒಪ್ಪಿಗೆ ಪಡೆದು, ಪ್ರತಿಯೊಬ್ಬರೂ ಹೆಸರು ಹೇಳಿಯೇ ಮಾತು ಶುರುಮಾಡುವಂತೆ ಕೇಳಿಕೊಳ್ಳಿ.

ಎರಡನೆಯದು, ಮಾತನ್ನು ಇದ್ದಂತೆಯೇ ಬರೆದುಕೊಂಡು ಪಕ್ಕದಲ್ಲಿ ನಿಮಿಷ, ಸೆಕೆಂಡು ಹಾಕುವುದು. ಆಮೇಲೆ ಒಂದೊಂದು ಮಾತಿನ ಮುಂದೆಯೂ ಅದು ಪ್ರಶ್ನೆಯೋ, ಅಭಿಪ್ರಾಯವೋ, ಸಲಹೆಯೋ ಎಂದು ಗುರುತು ಮಾಡಿ. ಹೆಚ್ಚಿನ ವರದಿಗಳು ಕೆಡುವುದು ಇಲ್ಲೇ. ‘ತೋಟದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಏನು ಮಾಡ್ತೀರಿ?’ ಎಂಬುದು ಬರೀ ಪ್ರಶ್ನೆ. ತಂಡದವರು ಉತ್ತರಿಸಿದ ಮೇಲೆ ಅದೇ ತೀರ್ಪುಗಾರರು ‘ಹಾಗಾದ್ರೆ ಕಣಿವೆಯ ತೋಟದವರಿಗೆ ಇದು ಪ್ರಯೋಜನ ಇಲ್ಲ’ ಎಂದರೆ ಮಾತ್ರ ಅದು ದೌರ್ಬಲ್ಯ. ‘ಎಸ್‌ಎಂಎಸ್ ಕಳಿಸಿದ್ರೆ ಒಳ್ಳೇದಿತ್ತು’ ಎಂಬುದು ಸಲಹೆ. ಅದನ್ನು ದೌರ್ಬಲ್ಯದ ಸಾಲಿಗೆ ಸೇರಿಸಿದರೆ ಒಂದೇ ತಪ್ಪನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಇನ್ನು ಅಂಕಪಟ್ಟಿ ಎದುರಿಗಿಟ್ಟುಕೊಂಡು ಪ್ರತಿ ಅಭಿಪ್ರಾಯವನ್ನೂ ಅದಕ್ಕೆ ತಕ್ಕ ಮಾನದಂಡಕ್ಕೆ ಜೋಡಿಸಿ. ಸರಾಸರಿ 6.7 ಎಂದಷ್ಟೇ ಬರೆದರೆ ಮೂವರಿಗೂ ಆ್ಯಪ್ ಸಾಧಾರಣ ಅನ್ನಿಸಿತು ಎಂಬ ಅರ್ಥ ಬರುತ್ತದೆ, ಅದು ಸುಳ್ಳು. ನಮ್ಮ ತಂಡದ ವರದಿ ಹೀಗಿರಲಿ:

ಸಾಮರ್ಥ್ಯ: ಮಳೆ ಬಿಡುವು ಕೊಡುವ ದಿನವನ್ನು ಮುಂಚಿತವಾಗಿ ತಿಳಿಸುತ್ತದೆ, ಮರ ಹತ್ತಿ ದ್ರಾವಣ ಹೊಡೆಯುವ ಕೊನೆಗೌಡರನ್ನು ಮೊದಲೇ ಗೊತ್ತುಮಾಡಿಕೊಳ್ಳಬಹುದು (ಇಬ್ಬರ ಅಭಿಪ್ರಾಯ, 3:10, 5:42).
ದೌರ್ಬಲ್ಯ: ನೆಟ್‌ವರ್ಕ್ ಇಲ್ಲದ ಕಡೆ ಸೂಚನೆ ತಲುಪುವುದಿಲ್ಲ (ಒಬ್ಬರು, 7:25).
ಅಂಕದ ಕಾರಣ: ಇಬ್ಬರು ಉಪಾಯವನ್ನು ಮೆಚ್ಚಿ 8 ಕೊಟ್ಟರು, ಮೂರನೆಯವರು ಸೂಚನೆ ತಲುಪದ ಕಾರಣಕ್ಕೆ 4 ಕೊಟ್ಟರು.

ಕೆಲವೊಮ್ಮೆ ಅಂಕ ಕಡಿಮೆ ಇರುತ್ತದೆ, ರೆಕಾರ್ಡಿಂಗ್‌ನಲ್ಲಿ ಬರೀ ‘ಅಡ್ಡಿಲ್ಲ, ಚೆನ್ನಾಗಿದೆ’ ಎಂದಿರುತ್ತದೆ. ಅಲ್ಲಿ ನೀವೇ ಕಾರಣ ಊಹಿಸಿ ತುಂಬಬೇಡಿ, ಆ ಜಾಗ ಖಾಲಿ ಬಿಡಿ. ತೀರ್ಪುಗಾರರು ಊರಿಗೆ ಹೊರಡುವ ಮುನ್ನವೇ ಕೇಳಿ, ಅವರದೇ ಮಾತಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಮರುದಿನ ಕೇಳಿದರೆ ತಂಡಗಳು ಅವರ ನೆನಪಿನಲ್ಲಿ ಒಂದರೊಳಗೊಂದು ಕಲೆಸಿಹೋಗಿರುತ್ತವೆ.

‘ಆ ಮೀನಿನ ಆ್ಯಪ್‌ನವರು ಇದಕ್ಕಿಂತ ವಾಸಿ’ ಎಂಬಂಥ ಹೋಲಿಕೆಗಳನ್ನು ವರದಿಯಿಂದ ತೆಗೆದುಬಿಡಿ. ಕೊನೆಗೆ ಮೂವರು ತೀರ್ಪುಗಾರರೂ ಓದಿ ಒಪ್ಪಿದ ಮೇಲೆ, ಅವರ ಹೆಸರು ಹಾಕದೆ, ಆಯಾ ತಂಡದ ಪುಟವನ್ನು ಆಯಾ ತಂಡಕ್ಕೆ ಮಾತ್ರ ಕೊಡಿ.