ಆಪ್ಷನ್ ಟ್ರೇಡಿಂಗ್ ಜರ್ನಲ್ ಬರೆಯೋದು ಹೇಗೆ, ನಿಮ್ಮ ಸ್ಟ್ರ್ಯಾಟಜಿಲಿ ನಿಜವಾಗ್ಲೂ ಎಡ್ಜ್ ಇದ್ಯಾ ಅಂತ ನೋಡೋದು ಹೇಗೆ

ಆಪ್ಷನ್ ಮಾರೋ ಜನರ ಜರ್ನಲ್ ನೋಡಿದ್ರೆ ಮುಕ್ಕಾಲು ಪಾಲು ಒಂದೇ ಥರ ಇರುತ್ತೆ. ತಾರೀಕು, ಪ್ರಾಫಿಟ್ ಎಷ್ಟು, ಪಕ್ಕದಲ್ಲಿ ಹಸಿರು ಕೆಂಪು ಬಣ್ಣ, ಕೆಳಗಡೆ ದಪ್ಪಕ್ಷರದಲ್ಲಿ ವಿನ್ ರೇಟ್ 75%. ಆಮೇಲೆ ವರ್ಷದ ಕೊನೆಗೆ ಆಡಿಟರ್ ಹತ್ರ ಹೋದಾಗ ಟ್ರೇಡಿಂಗ್ ಲಾಸ್ ಅಂತ ಗೊತ್ತಾಗುತ್ತೆ. ಸೆಬಿ 2024ರಲ್ಲಿ ಬಿಟ್ಟ ಸ್ಟಡಿ ಪ್ರಕಾರ ಹಿಂದಿನ ಮೂರು ಹಣಕಾಸು ವರ್ಷದಲ್ಲಿ ಎಫ್&ಓ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ 93% ಜನ ದುಡ್ಡು ಕಳ್ಕೊಂಡಿದ್ರು, ಚಾರ್ಜಸ್ ಅಂತಲೇ ಎಲ್ಲರೂ ಸೇರಿ ಕಟ್ಟಿದ್ದು ಸುಮಾರು 50,000 ಕೋಟಿ. ಅಂದ್ರೆ ವಿನ್ ರೇಟ್ ಕಾಲಂ ನೋಡಿ ಖುಷಿಪಟ್ರೆ ಎಡ್ಜ್, ಅಂದ್ರೆ ಅದೃಷ್ಟ ಬಿಟ್ಟು ನಿಜವಾಗಿ ಉಳಿಯೋ ಲಾಭ, ಇದ್ಯಾ ಅಂತ ಏನೂ ಗೊತ್ತಾಗಲ್ಲ. ಇಲ್ಲಿ ನಿಫ್ಟಿ ವೀಕ್ಲಿ ಐರನ್ ಕಾಂಡರ್, ಅಂದ್ರೆ ಮೇಲೊಂದು ಕಾಲ್ ಕೆಳಗೊಂದು ಪುಟ್ ಮಾರಿ, ಕಾಪಾಡೋಕೆ ಇನ್ನೂ ದೂರದಲ್ಲಿ ಒಂದೊಂದು ಕೊಳ್ಳೋ ನಾಲ್ಕು ಲೆಗ್‌ನ ಟ್ರೇಡ್, ಅದೊಂದನ್ನೇ ಹಿಡ್ಕೊಂಡು ಹೇಳ್ತೀನಿ, ಬೇರೆ ಸ್ಟ್ರ್ಯಾಟಜಿಗೂ ಲೆಕ್ಕ ಇದೇ.

1. ಶೀಟ್ ತೆರೀರಿ. ಗೂಗಲ್ ಶೀಟ್ ಸಾಕು. ತಿಂಗಳಿಗೆ ದುಡ್ಡು ಕಟ್ಟೋ ಜರ್ನಲ್ ಆ್ಯಪ್‌ಗಳು ಬೇಡ, ಅವುಗಳಲ್ಲಿ ಬಹಳಷ್ಟು ನಾಲ್ಕು ಲೆಗ್‌ನ ಟ್ರೇಡನ್ನ ನಾಲ್ಕು ಬೇರೆ ಬೇರೆ ಟ್ರೇಡ್ ಅಂತ ಎಣಿಸಿ ಇಡೀ ಲೆಕ್ಕ ಕೆಡಿಸ್ತವೆ. ಮೂಡ್ ಹೇಗಿತ್ತು ಅಂತ ಎಮೋಜಿ ಹಾಕೋ ಕಾಲಂ ಕೂಡ ಬೇಡ.

2. ಒಂದು ಟ್ರೇಡ್ ಅಂದ್ರೆ ಯಾವುದು ಅಂತ ಮೊದಲೇ ತೀರ್ಮಾನ ಮಾಡಿ. ಜನ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ. ಕಾಂಡರ್ ಹಾಕಿದ್ರಿ, ಮಾರ್ಕೆಟ್ ಕೆಳಗೆ ಬಂತು, ಪುಟ್ ಸೈಡ್ ಲಾಸಲ್ಲಿ ಕ್ಲೋಸ್ ಮಾಡಿ ಇನ್ನೂ ಕೆಳಗಿನ ಸ್ಟ್ರೈಕಲ್ಲಿ ಮತ್ತೆ ಮಾರಿದ್ರಿ, ಕಾಲ್ ಸೈಡ್ ಪ್ರಾಫಿಟಲ್ಲಿ ಬುಕ್ ಮಾಡಿದ್ರಿ, ಎಕ್ಸ್‌ಪೈರಿಗೆ ಹೊಸ ಪುಟ್ ಝೀರೋ ಆಯ್ತು. ಇದನ್ನ ಬಿಡಿಬಿಡಿಯಾಗಿ ಬರೆದ್ರೆ ಎರಡು ಗೆಲುವು ಒಂದು ಸೋಲು. ಒಟ್ಟಾಗಿ ನೋಡಿದ್ರೆ ಒಂದೇ ಟ್ರೇಡ್, ಅದೂ ಲಾಸ್ ಇರಬಹುದು. ಅಡ್ಜಸ್ಟ್‌ಮೆಂಟ್ ಮಾಡೋರ ವಿನ್ ರೇಟ್ ಆಕಾಶದಲ್ಲಿ ಇರೋದು ಹೀಗೆ. ನನ್ನ ರೂಲ್ ಏನಂದ್ರೆ, ಯಾವ ಐಡಿಯಾ ಮೇಲೆ ಒಳಗೆ ಹೋದ್ರೋ ಅದಕ್ಕೆ ಸೇರಿದ ಕೊನೆ ಲೆಗ್ ಕ್ಲೋಸ್ ಆಗೋವರೆಗೂ ಅದು ಒಂದೇ ಸಾಲು. ರೋಲ್ ಮಾಡಿ ಮುಂದಿನ ವಾರಕ್ಕೆ ತಗೊಂಡು ಹೋದ್ರೂ ಅದೇ ಸಾಲು, ಹೊಸ ಸಾಲು ತೆರೆಯೋ ಹಾಗಿಲ್ಲ.

3. ಟ್ರೇಡ್ ಹಾಕೋಕೆ ಮುಂಚೆ ಐದು ವಿಷಯ ಬರೀರಿ. ಸ್ಟ್ರ್ಯಾಟಜಿ ಹೆಸರು, ಆ ಹೊತ್ತಿನ ನಿಫ್ಟಿ, ಮಾರ್ಕೆಟ್ ಎಷ್ಟು ಏರಿಳಿಯಬಹುದು ಅಂತ ತೋರಿಸೋ ಇಂಡಿಯಾ ವಿಐಎಕ್ಸ್, ಆ ಬೆಲೆಗೆ ಹತ್ತಿರದ ಸ್ಟ್ರೈಕಿನ ಕಾಲ್ ಪುಟ್ ಎರಡೂ ಸೇರಿದ ಸ್ಟ್ರ್ಯಾಡಲ್ ಬೆಲೆ, ಮತ್ತೆ ಸ್ಟಾಪ್ ಹೊಡೆದ್ರೆ ಎಷ್ಟು ರೂಪಾಯಿ ಹೋಗುತ್ತೆ ಅನ್ನೋದು. ಮುಂಚೆ ಅಂದ್ರೆ ಮುಂಚೆನೇ, ಆರ್ಡರ್ ಹೋದ್ಮೇಲಲ್ಲ. ಸಾಯಂಕಾಲ ಕೂತು ಬರೆದ್ರೆ ಸ್ಟಾಪ್ ಎಲ್ಲಿತ್ತು ಅನ್ನೋದು ರಿಸಲ್ಟ್ ನೋಡ್ಕೊಂಡು ಜಾಗ ಬದಲಾಯಿಸುತ್ತೆ, ಎಲ್ಲರಿಗೂ ಹಾಗೇ ಆಗೋದು. ಟೈಪ್ ಮಾಡೋಕೆ ಟೈಮಿಲ್ಲ ಅಂದ್ರೆ ನಿಮಗೆ ನೀವೇ ವಾಟ್ಸಾಪ್ ಮೆಸೇಜ್ ಹಾಕ್ಕೊಳ್ಳಿ, ಅದರಲ್ಲಿ ಟೈಮ್ ಬೀಳುತ್ತೆ.

ಕೊನೆಯ ಆ ರೂಪಾಯಿ ಲೆಕ್ಕಕ್ಕೆ ಒಂದು ಆರ್ ಅಂತ ಹೆಸರಿಡಿ. ಉದಾಹರಣೆಗೆ ಮಾರಿದ ಸ್ಟ್ರೈಕಿಗೂ ಕೊಂಡ ಸ್ಟ್ರೈಕಿಗೂ 200 ಪಾಯಿಂಟ್ ಅಂತರ ಇರೋ ಕಾಂಡರ್, ಬಂದ ಪ್ರೀಮಿಯಂ 60 ಪಾಯಿಂಟ್, ಲಾಟ್ 65 ಅಂತ ಇಟ್ಕೊಳ್ಳಿ. ಪ್ರೀಮಿಯಂ ಡಬಲ್ ಆದ್ರೆ, ಅಂದ್ರೆ 120ಕ್ಕೆ ಬಂದ್ರೆ ಹೊರಗೆ, 30ಕ್ಕೆ ಇಳಿದ್ರೆ ಪ್ರಾಫಿಟ್ ಬುಕ್. ಆಗ ಒಂದು ಆರ್ ಅಂದ್ರೆ 60 ಗುಣಿಸು 65, 3,900 ರೂಪಾಯಿ. ಗೆದ್ದರೆ ಅರ್ಧ ಆರ್, ಸೋತರೆ ಒಂದು ಆರ್. ಲಾಟ್ ಸೈಜ್ ಬದಲಾದ್ರೂ, ನೀವು ಎರಡು ಲಾಟ್ ಹಾಕಿದ್ರೂ, ಆರ್ ಲೆಕ್ಕದಲ್ಲಿ ಹಳೇ ಟ್ರೇಡ್ ಹೊಸ ಟ್ರೇಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು, ಬರೀ ರೂಪಾಯಲ್ಲಿ ಅದು ಆಗಲ್ಲ.

4. ಹೊರಗೆ ಬಂದ್ಮೇಲೆ ಕಾಂಟ್ರಾಕ್ಟ್ ನೋಟ್ ನೋಡಿ ನೆಟ್ ಬರೀರಿ. ಆ್ಯಪಲ್ಲಿ ಟ್ರೇಡ್ ದಿನ ಕಾಣೋ ನಂಬರಲ್ಲಿ ಸಾಮಾನ್ಯವಾಗಿ ಚಾರ್ಜಸ್ ಕಳೆದಿರಲ್ಲ. ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಅಂದ್ರೆ ನಾಲ್ಕು ಲೆಗ್ ಒಳಗೆ, ನಾಲ್ಕು ಲೆಗ್ ಹೊರಗೆ, 160. ಅದರ ಮೇಲೆ 18% ಜಿಎಸ್‌ಟಿ, ಮಾರಿದ್ದಕ್ಕೆ ಎಸ್‌ಟಿಟಿ, ಎಕ್ಸ್‌ಚೇಂಜ್ ಚಾರ್ಜು, ಎಲ್ಲಾ ಸೇರಿ ಒಂದು ಲಾಟ್ ಕಾಂಡರ್‌ಗೆ 210 ಅಂತ ಇಟ್ಕೊಳ್ಳೋಣ. ಜೊತೆಗೆ ಯಾಕೆ ಹೊರಗೆ ಬಂದ್ರಿ ಅಂತ ಒಂದೇ ಪದ: ಟಾರ್ಗೆಟ್, ಸ್ಟಾಪ್, ಟೈಮ್, ಭಯ. ನಾಲ್ಕನೇದು ಜಾಸ್ತಿ ಇದ್ರೆ ನೀವು ಟೆಸ್ಟ್ ಮಾಡ್ತಿರೋದು ಆ ಸ್ಟ್ರ್ಯಾಟಜಿನೇ ಅಲ್ಲ.

5. ಈಗ ಲೆಕ್ಕ. 40 ಟ್ರೇಡ್ ಆಯ್ತು, 30 ಗೆಲುವು, 10 ಸೋಲು ಅಂತ ಇಟ್ಕೊಳ್ಳಿ. ಗೆದ್ದಿದ್ದು ಚಾರ್ಜಸ್ ಕಳೆದು ಸರಾಸರಿ 0.44 ಆರ್. ಸೋತಿದ್ದರಲ್ಲಿ ಒಂಬತ್ತು ಸರಾಸರಿ 1.25 ಆರ್, ಯಾಕಂದ್ರೆ ಮಾರ್ಕೆಟ್ ಓಡೋವಾಗ ನಾಲ್ಕು ಲೆಗ್ ಕ್ಲೋಸ್ ಮಾಡೋಷ್ಟರಲ್ಲಿ 120 ಅಂದುಕೊಂಡಿದ್ದು 132 ಆಗಿರುತ್ತೆ, ಇದೇ ಸ್ಲಿಪೇಜ್, ಮೇಲೆ ಚಾರ್ಜಸ್. ಉಳಿದ ಒಂದು ಟ್ರೇಡ್ ರಾತ್ರಿ ಗ್ಯಾಪಲ್ಲಿ ಸಿಕ್ಕಿ ಹೆಚ್ಚುಕಡಿಮೆ ಪೂರ್ತಿ ಮ್ಯಾಕ್ಸಿಮಂ ಲಾಸ್, 2.4 ಆರ್. ಕೂಡಿಸಿದ್ರೆ ಗೆಲುವು 13.2, ಸೋಲು 13.65. 75% ವಿನ್ ರೇಟ್ ಇಟ್ಕೊಂಡು ಸುಮಾರು 1,750 ರೂಪಾಯಿ ನಷ್ಟ. ಇದೇ 40 ಟ್ರೇಡ್ ಚಾರ್ಜಸ್ ಇಲ್ಲದೆ 6,600 ಚಿಲ್ಲರೆ ಲಾಭ ತೋರಿಸ್ತಿರುತ್ತೆ, ಯಾಕಂದ್ರೆ 210ರ ಹಾಗೆ 8,400 ರೂಪಾಯಿ ಚಾರ್ಜಸ್‌ಗೇ ಹೋಗಿದೆ.

ಅಂದ್ರೆ ಈ ಕಾಂಡರ್‌ಗೆ ಎಷ್ಟು ಗೆದ್ರೆ ಸಮ ಆಗುತ್ತೆ? ಗ್ಯಾಪ್ ಲಾಸ್ ಬಿಟ್ಟರೂ 1.25 ಭಾಗಿಸು 1.69, ಸುಮಾರು 74%. ಕಾಗದದ ಮೇಲಿನ ಅರ್ಧ ಆರ್, ಒಂದು ಆರ್ ಲೆಕ್ಕದಲ್ಲಿ 67% ಸಾಕು ಅನ್ಸಿತ್ತು. ವಿನ್ ರೇಟ್ ಬರೀಲೇಬೇಕು ಅಂತಿದ್ರೆ ಪಕ್ಕದಲ್ಲಿ ಈ ಸಮ ಆಗೋ ರೇಟ್ ಬರೀರಿ, ಇಲ್ಲಾಂದ್ರೆ ಬರೀಬೇಡಿ.

6. ಸರಾಸರಿ ಎಷ್ಟು ನಂಬಬಹುದು ಅಂತ ನೋಡಿ. ಇದನ್ನ ಬಹುತೇಕ ಯಾರೂ ಮಾಡಲ್ಲ. ನೆಟ್ ಆರ್ ಕಾಲಂ H ಅಂತಾದ್ರೆ ಎರಡೇ ಸಾಲು:

```
=AVERAGE(H2:H41)
=STDEV.S(H2:H41)/SQRT(COUNT(H2:H41))
```

ಮೊದಲನೇದು ಟ್ರೇಡ್‌ಗೆ ಸರಾಸರಿ ಎಷ್ಟು ಆರ್ ಅಂತ, ಎರಡನೇದು ಆ ಸರಾಸರಿ ಬರೀ ಅದೃಷ್ಟದಿಂದಲೇ ಎಷ್ಟು ಆಚೀಚೆ ಹೋಗಬಹುದು ಅಂತ. ಮೇಲಿನ ಉದಾಹರಣೆಲಿ ಎರಡನೇದು ಸುಮಾರು 0.13 ಬರುತ್ತೆ. ಸರಾಸರಿ ಇದರ ಎರಡರಷ್ಟಾದ್ರೂ, ಅಂದ್ರೆ 0.26 ಆರ್ ಮೇಲೆ ಇಲ್ಲ ಅಂದ್ರೆ ಎಡ್ಜ್ ಇದೆ ಅಂತ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ನಿಜವಾದ ಎಡ್ಜ್ 0.1 ಆರ್ ಇದೆ ಅಂದ್ಕೊಳ್ಳಿ, ಅದು ಕೆಟ್ಟ ಎಡ್ಜ್ ಏನಲ್ಲ, ಆದ್ರೆ ಅದನ್ನ ಅದೃಷ್ಟದಿಂದ ಬೇರೆ ಮಾಡಿ ನೋಡೋಕೆ 260ರ ಆಸುಪಾಸು ಟ್ರೇಡ್ ಬೇಕು, ವಾರಕ್ಕೊಂದರಂತೆ ಐದು ವರ್ಷ. ಟೆಲಿಗ್ರಾಮಲ್ಲಿ ಎರಡು ತಿಂಗಳ ಸ್ಕ್ರೀನ್‌ಶಾಟ್ ಹಾಕಿ ಕೋರ್ಸ್ ಮಾರೋರ ಲೆಕ್ಕ ಎಲ್ಲಿ ನಿಲ್ಲುತ್ತೆ ನೀವೇ ನೋಡಿ. ಟ್ರೇಡ್ ಸಂಖ್ಯೆ ಹೆಚ್ಚಿಸೋಣ ಅಂತ ಒಂದೇ ದಿನ ಮೂರು ಕಾಂಡರ್ ಹಾಕಿದ್ರೆ ಅದು ಮೂರು ಅಂತ ಎಣಿಸೋಕೆ ಬರಲ್ಲ, ಮೂರೂ ಒಟ್ಟಿಗೆ ಗೆಲ್ಲುತ್ತವೆ, ಒಟ್ಟಿಗೆ ಸಾಯ್ತವೆ.

ಆಪ್ಷನ್ ಮಾರೋರಿಗೆ ಇದರಲ್ಲೂ ಒಂದು ಮೋಸ ಇದೆ. ದೊಡ್ಡ ಲಾಸ್ ಇನ್ನೂ ಬಂದೇ ಇಲ್ಲದ ಜರ್ನಲಲ್ಲಿ ಎರಡನೇ ನಂಬರ್ ತುಂಬಾ ಚಿಕ್ಕದಾಗಿ ಕಾಣುತ್ತೆ, ಎಡ್ಜ್ ಗ್ಯಾರಂಟಿ ಅನ್ಸುತ್ತೆ. ಅದಕ್ಕೆ ನಾನು ಪ್ರತಿ 40 ಟ್ರೇಡ್‌ಗೆ ಒಂದು ಸುಳ್ಳು ಸಾಲು ಸೇರಿಸಿ ನೋಡಿ ಅಂತೀನಿ, ಪೂರ್ತಿ ಮ್ಯಾಕ್ಸಿಮಂ ಲಾಸಿಂದು. ಅದನ್ನ ಹಾಕಿದ ಕೂಡಲೇ ಸರಾಸರಿ ಮೈನಸ್‌ಗೆ ಹೋದ್ರೆ ನಿಮ್ಮ ಲಾಭ ಇನ್ನೂ ಬರದೇ ಇರೋ ಬಿಲ್ಲು ಅಷ್ಟೇ. ಕಾಂಡರ್‌ಗೆ ಇದು 2.4 ಆರ್‌ಗೆ ನಿಲ್ಲುತ್ತೆ. ಕಾಪಾಡೋ ಲೆಗ್ ಕೊಳ್ಳದೆ ಬರೀ ಕಾಲ್ ಪುಟ್ ಮಾರೋ ನೇಕೆಡ್ ಸ್ಟ್ರ್ಯಾಂಗಲ್‌ನೋರು 2024ರ ಜೂನ್ 4 ಹಾಕಿ ನೋಡಿ. ಲೋಕಸಭೆ ರಿಸಲ್ಟ್ ದಿನ ನಿಫ್ಟಿ 1,379 ಪಾಯಿಂಟ್ ಬಿದ್ದು 21,884ಕ್ಕೆ ಮುಗೀತು, ಹೆಚ್ಚುಕಡಿಮೆ 6%. ಹಿಂದಿನ ಕ್ಲೋಸಿಂಗಿಂದ 400 ಪಾಯಿಂಟ್ ಕೆಳಗಿನ ಪುಟ್ ಮಾರಿ ಸ್ಟಾಪ್ ಇಲ್ಲದೆ ಕೂತಿದ್ರೆ, ಒಟ್ಟು 60 ಪಾಯಿಂಟ್ ಪ್ರೀಮಿಯಂ ಬಂದಿತ್ತು ಅಂತ ಹಿಡಿದ್ರೂ 900 ಪಾಯಿಂಟ್ ಮೇಲೆ ಲಾಸ್, 15 ಆರ್. ಅವತ್ತು ಪ್ರೀಮಿಯಂ ಮಾಮೂಲಿಗಿಂತ ದಪ್ಪ ಇತ್ತು ನಿಜ, ಆದ್ರೂ ಗುಂಡಿ ತುಂಬೋಷ್ಟಲ್ಲ.

7. ಲಾಸ್ ಸ್ಟ್ರ್ಯಾಟಜಿದಾ, ನಿಮ್ಮದಾ? ಮೂರನೇ ಹಂತದಲ್ಲಿ ಸ್ಟ್ರ್ಯಾಡಲ್ ಬೆಲೆ ಬರೆಸಿದ್ದು ಇದಕ್ಕೇ. ಆ ಬೆಲೆ ಅಂದ್ರೆ ಎಕ್ಸ್‌ಪೈರಿ ಹೊತ್ತಿಗೆ ನಿಫ್ಟಿ ಎಷ್ಟು ದೂರ ಹೋಗಬಹುದು ಅಂತ ಮಾರ್ಕೆಟ್ ಕಟ್ಟಿರೋ ಅಂದಾಜು. ಎಕ್ಸ್‌ಪೈರಿ ದಿನ ನಿಫ್ಟಿ ನಿಜವಾಗಿ ಎಷ್ಟು ದೂರ ಹೋಯ್ತು, ಮೇಲಕ್ಕೋ ಕೆಳಕ್ಕೋ ಮುಖ್ಯ ಅಲ್ಲ, ಅದನ್ನ ಬರೆದು ಸ್ಟ್ರ್ಯಾಡಲ್ ಬೆಲೆಯಿಂದ ಭಾಗಿಸಿ. ಸ್ಟ್ರ್ಯಾಡಲ್ 260 ಇತ್ತು, ನಿಫ್ಟಿ 190 ಹೋಯ್ತು ಅಂದ್ರೆ 0.73. ಟ್ರೇಡ್ ಹಾಕದ ವಾರನೂ ಬರೀರಿ, ಇದಕ್ಕೆ ದುಡ್ಡು ಬೇಡ.

ಈ ಕಾಲಂ ಸರಾಸರಿ ಒಂದಕ್ಕಿಂತ ಚೆನ್ನಾಗಿ ಕೆಳಗಿದ್ದು ನಿಮ್ಮ ಆರ್ ಮಾತ್ರ ಮೈನಸ್ ಅಂದ್ರೆ, ಮಾರೋರಿಗೆ ಸಿಗಬೇಕಾದ ದುಡ್ಡು ಮಾರ್ಕೆಟಲ್ಲಿ ಇತ್ತು, ನಿಮ್ಮ ಸ್ಟಾಪ್, ಸ್ಲಿಪೇಜ್, ಚಾರ್ಜಸ್ ತಿಂದು ಹಾಕಿದೆ. ಆಗ ನೋಡಬೇಕಿರೋದು ಸ್ಟಾಪ್ ಹೊಡೆದ ಟ್ರೇಡ್‌ಗಳಲ್ಲಿ ಎಷ್ಟು ಎಕ್ಸ್‌ಪೈರಿಗೆ ಆರಾಮಾಗಿ ಒಳಗೇ ಮುಗಿದ್ವು ಅಂತ, ಜಾಸ್ತಿ ಇದ್ರೆ ಸ್ಟಾಪ್ ಬಿಗಿ ಆಯ್ತು. ಸರಾಸರಿ ಒಂದರ ಹತ್ರನೇ ಇದ್ದು ನೀವು ಲಾಭದಲ್ಲಿದ್ರೆ ಖುಷಿಪಡೋಕೆ ಮುಂಚೆ ಆರನೇ ಹಂತಕ್ಕೆ ವಾಪಸ್ ಹೋಗಿ. ವಿಐಎಕ್ಸ್ 13ರ ಕೆಳಗಿದ್ದ ವಾರ, ಮೇಲಿದ್ದ ವಾರ ಅಂತ ಎರಡು ಗುಂಪು ಮಾಡಿ ನೋಡೋದು ತಪ್ಪಲ್ಲ, ಆದ್ರೆ ಎರಡೇ ಗುಂಪು. ಹತ್ತು ಗುಂಪು ಮಾಡಿದ್ರೆ ಯಾವುದೋ ಒಂದು ಚಿನ್ನದ ಗಣಿ ಥರ ಕಂಡೇ ಕಾಣುತ್ತೆ, ಮುಂದಿನ ತಿಂಗಳು ಅದೇ ಮುಳುಗಿಸುತ್ತೆ.

8. ರೂಲ್ ಬದಲಾಯಿಸಿದ್ರೆ ಹೆಸರೂ ಬದಲಾಯಿಸಿ. ಸ್ಟಾಪ್ 120 ಇದ್ದಿದ್ದು 150 ಮಾಡಿದ್ರೆ ಅದು "ಕಾಂಡರ್-2", ಎಣಿಕೆ ಮತ್ತೆ ಒಂದರಿಂದ. ರೂಲನ್ನ ಎಕ್ಸ್‌ಚೇಂಜೇ ಬದಲಾಯಿಸಿದ್ರೂ ಹಾಗೇ. 2025ರ ಸೆಪ್ಟೆಂಬರಲ್ಲಿ ನಿಫ್ಟಿ ವೀಕ್ಲಿ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂತಲ್ಲ, ಸೋಮವಾರ ಹಾಕೋ ಕಾಂಡರ್‌ಗೆ ಮುಂಚೆ ಮೂರು ದಿನ ಬಾಕಿ ಇರ್ತಿತ್ತು, ಈಗ ಒಂದೇ ದಿನ. ಗುರುವಾರದ ಕಾಲದ ಸಾಲುಗಳನ್ನ ಡಿಲೀಟ್ ಮಾಡಬೇಡಿ, ಬೇರೆ ಟ್ಯಾಬಿಗೆ ಹಾಕಿ, ಈಗಿನ ಸರಾಸರಿಗೆ ಮಾತ್ರ ಸೇರಿಸಬೇಡಿ.