ಬಿಲ್ ಹಿಡಿದು ಲೈಸೆನ್ಸ್ ಹುಡುಕಿದ್ದು: ಔಷಧ ಸಗಟು ಕಂಪನಿಯೊಂದರಲ್ಲಿ ನನ್ನ ಅನುಭವ

ಕಂಪನಿಗೆ ಯಾವ ಲೈಸೆನ್ಸ್ ಬೇಕು ಅಂತ ನೋಡೋಕೆ, ಲೈಸೆನ್ಸ್ ಸಲಹೆ ಕೊಡುವ ನಾವೆಲ್ಲ ಮೊದಲು ತೆಗೆಯೋದು ಕಂಪನಿ ಹುಟ್ಟುವಾಗ ಬರೆದ ಮೆಮೊರಾಂಡಮ್. ಅದರ ಉದ್ದೇಶಗಳನ್ನು ಓದಿ ಒಂದು ಪಟ್ಟಿ ಮಾಡ್ತೀವಿ, ಆ ಪಟ್ಟಿಗೆ ಟಿಕ್ ಹಾಕ್ತೀವಿ. ಆರೇಳು ವರ್ಷ ನಾನೂ ಹಾಗೇ ಮಾಡಿದೆ. ಈಗ ಮೆಮೊರಾಂಡಮ್ ಕೊನೆಗೆ ಓದ್ತೀನಿ. ಮೊದಲು ಓದೋದು ಬಿಲ್ಲು ಮತ್ತೆ ಬ್ಯಾಂಕ್ ಸ್ಟೇಟ್‌ಮೆಂಟ್. ಪ್ರತಿ ಸಾಲಿಗೂ ಮೂರೇ ಪ್ರಶ್ನೆ: ಸರಕು ಎಲ್ಲಿಂದ ಹೊರಟಿತು? ದುಡ್ಡು ಯಾರದು? ಯಾವ ಕೆಲಸಕ್ಕೆ ಬಂತು?

ನಮ್ಮ ಆಫೀಸಿನ ಹಿರಿಯರು ಇದನ್ನು ಒಪ್ಪಿರಲಿಲ್ಲ. "ನೋಡಪ್ಪ, ಬಿಲ್ ನೋಡೋದು ಆಡಿಟರ್ ಕೆಲಸ. ಇದರಲ್ಲಿ ಗಂಟೆ ಹಾಳು, ಫೀಸ್ ಹುಟ್ಟಲ್ಲ" ಅಂದರು. ಗಂಟೆಯ ಲೆಕ್ಕದಲ್ಲಿ ಅವರ ಮಾತು ಸರಿಯೇ ಇತ್ತು. ಮೊದಲ ಎರಡು ಕೆಲಸದಲ್ಲಿ ನನಗೆ ನಷ್ಟವಾಯಿತು. ಮೂವತ್ತೈದು ಸಾವಿರಕ್ಕೆ ಒಪ್ಪಿಕೊಂಡು, ಸುಮಾರು ಐದು ವಾರ ಕೂತು, ಸಾವಿರಾರು ಬಿಲ್ ತಿರುವಿ ಹಾಕಿದೆ. ಕೈಗೆ ಹೆಚ್ಚೇನೂ ಸಿಗಲಿಲ್ಲ. ಎಲ್ಲ ಬಿಲ್ಲನ್ನೂ ನೋಡೋಕೆ ಹೋಗಿದ್ದೇ ತಪ್ಪಾಗಿತ್ತು. ಈಗ ಒಂದು ಕಂಪನಿಗೆ ಇನ್ನೂರು, ಇನ್ನೂರೈವತ್ತು ಸಾಲು ಸಾಕಾಗುತ್ತೆ. ಆ ಇನ್ನೂರನ್ನು ಹೇಗೆ ಆರಿಸ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ. ಅದು ನನ್ನ ಅನ್ನ.

ವಿಧಾನ ಪೂರ್ತಿ ಕೈಹಿಡಿದದ್ದು ಬೆಂಗಳೂರಿನ ಒಂದು ಔಷಧ ಸಗಟು ಕಂಪನಿಯಲ್ಲಿ. ಸಾವಿರಕ್ಕೂ ಮೇಲೆ ಮೆಡಿಕಲ್ ಶಾಪ್‌ಗಳಿಗೆ ಮಾಲು ಕೊಡ್ತಿದ್ದರು. ಸಗಟು ಔಷಧ ಮಾರಾಟದ ಲೈಸೆನ್ಸ್‌ಗಳಾದ ಫಾರಂ 20ಬಿ ಮತ್ತು 21ಬಿ ಎರಡೂ ಇದ್ದವು, ಗೋಡೆಗೆ ಫ್ರೇಮ್ ಹಾಕಿಸಿದ್ದರು. 21ಬಿ ಬೇಕಾಗೋದು ಫ್ರಿಡ್ಜ್ ಮಾಲಿಗೆ ಮಾತ್ರ ಅಂತ ಈಗಲೂ ಕೆಲವರು ತಿಳಿದಿದ್ದಾರೆ. 21ಬಿ ಇರೋದು ಔಷಧ ನಿಯಮಗಳ ಷೆಡ್ಯೂಲ್ ಸಿ ಮತ್ತು ಸಿ(1) ಪಟ್ಟಿಯ ಔಷಧಗಳಿಗೆ. ಇನ್ಸುಲಿನ್, ಲಸಿಕೆ ಸಿ ನಿಜ, ಆದರೆ ವಿಟಮಿನ್ನೂ ನುಂಗುವ ಆಂಟಿಬಯೋಟಿಕ್ಕೂ ಸಿ(1)ನಲ್ಲಿವೆ. ಅವಕ್ಕೂ 21ಬಿ ಬೇಕು. ಈ ಕಂಪನಿ ಅದರಲ್ಲಿ ಸರಿಯಿತ್ತು. ಹಳೇ ಪದ್ಧತಿಯಲ್ಲಾದರೆ ನಾನು ಅಲ್ಲಿಗೇ ಟಿಕ್ ಹಾಕಿ ಎದ್ದು ಬರ್ತಿದ್ದೆ.

ಮೊದಲ ಗಂಟು ವಿಳಾಸದಲ್ಲಿ ಸಿಕ್ಕಿತು. ನಾನು ಎತ್ತಿಕೊಂಡ ಸಾಲುಗಳಲ್ಲಿ ನಲವತ್ತರಷ್ಟು ಇ-ವೇ ಬಿಲ್‌ಗಳಲ್ಲಿ, ಅಂದರೆ ಸರಕು ಸಾಗಿಸೋಕೆ ಮಾಡುವ ಜಿಎಸ್‌ಟಿ ಚೀಟಿಗಳಲ್ಲಿ, ಮಾಲು ಹೊರಟ ಜಾಗ ಬೇರೊಂದು ಗೋಡೌನ್ ಆಗಿತ್ತು. ಜಿಎಸ್‌ಟಿ ನೋಂದಣಿ ಪತ್ರದ ಅನುಬಂಧದಲ್ಲಿ ಹೆಚ್ಚುವರಿ ವ್ಯಾಪಾರದ ಸ್ಥಳ ಅಂತ ಅದೇ ಗೋಡೌನ್ ಇದೆ, ಡ್ರಗ್ ಲೈಸೆನ್ಸಿನಲ್ಲಿ ಇಲ್ಲ. ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಔಷಧ ಇಟ್ಟರೆ ಪ್ರತಿ ಜಾಗಕ್ಕೂ ಬೇರೆ ಲೈಸೆನ್ಸ್ ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೂ ಗೋಡೌನ್ ಬಾಡಿಗೆಗೆ ಹಿಡಿದವನು ಲಾಜಿಸ್ಟಿಕ್ಸ್ ಮ್ಯಾನೇಜರ್, ಜಿಎಸ್‌ಟಿಗೆ ಸೇರಿಸಿದವನು ಅಕೌಂಟೆಂಟ್. ಲೈಸೆನ್ಸ್ ನೋಡಿಕೊಳ್ಳುವವನಿಗೆ ಯಾರೂ ಹೇಳಿರಲಿಲ್ಲ. "ಅಲ್ಲಿ ಬರೀ ಹೆಚ್ಚಾದ ಮಾಲು ಇಡ್ತೀವಿ ಸರ್, ಮಾರಾಟ ಮಾಡಲ್ಲ" ಅಂದರು ಮಾಲೀಕರು. ನಿಯಮ ದಾಸ್ತಾನಿಗೂ ಅನ್ವಯಿಸುತ್ತೆ ಅಂತ ತೋರಿಸಿದ ಮೇಲೆ ಸುಮ್ಮನಾದರು.

ಅದೇ ವಾರ ಮಾಲು ವಾಪಸ್ ತರಿಸಿ, ಆ ಜಾಗಕ್ಕೆ ಬೇರೆ ಅರ್ಜಿ ಹಾಕಿಸಿದೆ. ಹತ್ತು ಚದರ ಮೀಟರ್ ಜಾಗದ ಷರತ್ತು ಅವರಿಗೆ ಲೆಕ್ಕಕ್ಕೇ ಇಲ್ಲ, ಗೋಡೌನ್ ಅದರ ಹತ್ತಾರು ಪಟ್ಟು ದೊಡ್ಡದು. ತಡವಾದದ್ದು ಜವಾಬ್ದಾರಿ ಹೊರುವ ಅರ್ಹ ವ್ಯಕ್ತಿಯಿಂದ. ಒಬ್ಬನೇ ಫಾರ್ಮಾಸಿಸ್ಟನ್ನು ಎರಡೂ ಕಡೆ ತೋರಿಸೋಣ ಅಂದರು, ನಾನು ಬಿಡಲಿಲ್ಲ. ಪದವಿ ಮುಗಿಸಿ ಔಷಧ ವ್ಯಾಪಾರದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದ್ದ ಹುಡುಗ ಅವರಲ್ಲೇ ಇದ್ದ. ಸಗಟಿಗೆ ಆ ಅರ್ಹತೆ ಸಾಕು, ಅವನನ್ನೇ ಹಾಕಿದೆವು. ಎರಡು ತಿಂಗಳ ಮೇಲಾಯಿತು. ಖಾಲಿ ಗೋಡೌನಿಗೆ ತಿಂಗಳಿಗೆ ಅರವತ್ತು ಸಾವಿರದ ಹತ್ತಿರ ಬಾಡಿಗೆ ಕಟ್ಟಿದರು.

ಎರಡನೇ ಗಂಟು ಮಾಲು ಕೊಳ್ಳುವವರದು. 20ಬಿ ಇದ್ದವನು ಮಾಲು ಕೊಡುವ ಅಂಗಡಿಗೂ ಲೈಸೆನ್ಸ್ ಇರಬೇಕು. ಇವರ ಕಂಪ್ಯೂಟರಿನಲ್ಲಿ ಪ್ರತಿ ಗಿರಾಕಿಯ ಲೈಸೆನ್ಸ್ ಸಂಖ್ಯೆ ಇತ್ತು, ಜೊತೆಗೆ ಮುಕ್ತಾಯದ ದಿನಾಂಕವೂ ಇತ್ತು. ನೂರರ ಹತ್ತಿರ ಗಿರಾಕಿಗಳದ್ದು ಮುಗಿದಿದೆ ಅಂತ ಕೆಂಪು ತೋರಿಸ್ತಿತ್ತು. ಸಿಬ್ಬಂದಿ ಅದನ್ನು ನೋಡಿ ನೋಡಿ ಕಡೆಗಣಿಸೋಕೆ ಶುರು ಮಾಡಿದ್ದರು. ಅದಕ್ಕೆ ಕಾರಣವೂ ಇತ್ತು. ಔಷಧ ನಿಯಮಗಳಿಗೆ 2017ರ ತಿದ್ದುಪಡಿ ಆದ ಮೇಲೆ ಐದು ವರ್ಷಕ್ಕೊಮ್ಮೆ ರಿಟೆನ್ಷನ್ ಶುಲ್ಕ ಕಟ್ಟಿದರೆ ಲೈಸೆನ್ಸ್ ಮುಂದುವರಿಯುತ್ತೆ, ಹಳೇ ಕಾಗದದ ಮೇಲಿನ ದಿನಾಂಕ ಮಾತ್ರ ಹಾಗೇ ಇರುತ್ತೆ. ಹಾಗಾಗಿ ಅಂಗಡಿಯವರಿಂದ ಕೇಳಬೇಕಾದದ್ದು ಲೈಸೆನ್ಸ್ ಪ್ರತಿ ಅಲ್ಲ, ಶುಲ್ಕ ಕಟ್ಟಿದ ರಸೀದಿ. ಗಡುವು ದಾಟಿದರೆ ದಂಡದ ಜೊತೆ ಆರು ತಿಂಗಳ ಅವಕಾಶವಿದೆ. ಅದೂ ಮುಗಿದರೆ ಲೈಸೆನ್ಸ್ ರದ್ದಾದಂತೆ. ರಸೀದಿ ತರಿಸಿದೆವು. ನೂರರಲ್ಲಿ ತೊಂಬತ್ತರಷ್ಟು ಸರಿಯಿದ್ದವು. ಉಳಿದ ಹತ್ತು ಹನ್ನೊಂದು ಅಂಗಡಿಗೆ ಬಿಲ್ಲಿಂಗ್ ನಿಲ್ಲಿಸಿದೆವು. ಸೇಲ್ಸ್ ಹುಡುಗರು ನನ್ನ ಮೇಲೆ ಸಿಟ್ಟಾದರು, ಅವರ ಟಾರ್ಗೆಟ್ ಹೋಯ್ತು ಪಾಪ.

ಬ್ಯಾಂಕ್ ಸ್ಟೇಟ್‌ಮೆಂಟಿಗೆ ಬಂದಾಗ ಕಂಡದ್ದು "ಮಾರ್ಕೆಟಿಂಗ್ ಸಪೋರ್ಟ್" ಅನ್ನೋ ಜಮೆ. ತಿಂಗಳಿಗೆ ಎಂಬತ್ತು ಸಾವಿರ, ಒಂದು ಲಕ್ಷ. ಮೊತ್ತ ಪ್ರತಿ ತಿಂಗಳೂ ಬೇರೆ ಬೇರೆ ಇದ್ದದ್ದೇ ನನ್ನ ಕಣ್ಣಿಗೆ ಬಿತ್ತು. ಪ್ರಚಾರದ ಶುಲ್ಕವಾದರೆ ಒಂದೇ ಮೊತ್ತ ಬರಬೇಕಿತ್ತು. ಕೆದಕಿದಾಗ ಗೊತ್ತಾಯಿತು, ಅಂಗಡಿ ಮಾಲೀಕರಿಗೆ ಗುಂಪು ಆರೋಗ್ಯ ವಿಮೆ ಮಾಡಿಸಿದ್ದರು, ಸೇರಿದ ತಲೆಯ ಲೆಕ್ಕದಲ್ಲಿ ದುಡ್ಡು ಬರ್ತಿತ್ತು. ಹೆಸರು ಏನೇ ಇರಲಿ, ಅದು ವಿಮೆ ಮಾರಿದ ಕಮಿಷನ್. ಅದನ್ನು ಪಡೆಯಬೇಕಾದರೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನಲ್ಲಿ ಕಾರ್ಪೊರೇಟ್ ಏಜೆಂಟ್ ಆಗಿ ನೋಂದಾಯಿಸಿಕೊಳ್ಳಬೇಕು, ತರಬೇತಿ ಪಡೆದು ಪರೀಕ್ಷೆ ಪಾಸಾದ ಪ್ರಧಾನ ಅಧಿಕಾರಿ ಇರಬೇಕು. ವರ್ಷಕ್ಕೆ ಹತ್ತು ಲಕ್ಷಕ್ಕೆ ಅಷ್ಟು ತಲೆನೋವು ಬೇಡ ಅಂತ ಮಾಲೀಕರು ಆ ದುಡ್ಡನ್ನೇ ಬಿಟ್ಟರು. ವಿಮೆ ಮುಂದುವರಿಯಿತು, ಜಮೆ ನಿಂತಿತು. ಹಿಂದೆ ತೆಗೆದುಕೊಂಡದ್ದರ ಬಗ್ಗೆ ವಕೀಲರ ಹತ್ತಿರ ಕಳಿಸಿದೆ, ಅದು ನನ್ನ ವ್ಯಾಪ್ತಿಯದಲ್ಲ.

ಇಷ್ಟಾದ ಮೇಲೆ ಇನ್ನೊಂದು ಪ್ರಯೋಗ ಮಾಡಿದೆ. ಫ್ರಿಡ್ಜ್ ಕೊಳ್ಳೋಕೆ ಅಂಗಡಿಗಳಿಗೆ ಇವರು ಬಡ್ಡಿ ಮೇಲೆ ಮುಂಗಡ ಕೊಟ್ಟಿದ್ದರು. ಹಾಗಾದರೆ ರಿಸರ್ವ್ ಬ್ಯಾಂಕಿನಲ್ಲಿ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕೇತರ ಹಣಕಾಸು ಕಂಪನಿ ಅಂತ ನೋಂದಣಿ ಬೇಕಾ? ಅವರ ಆಡಿಟರ್ ಬೇಕು ಅಂತ ಹೆದರಿಸಿದ್ದರು. ಬ್ಯಾಲೆನ್ಸ್ ಶೀಟ್ ಹಿಡಿದು ಐವತ್ತು-ಐವತ್ತರ ಪರೀಕ್ಷೆ ಹಾಕಿದೆ. ಒಟ್ಟು ಆಸ್ತಿ ಮೂವತ್ತೆಂಟು ಕೋಟಿಯ ಆಸುಪಾಸು, ಅಂಗಡಿಗಳಿಗೆ ಕೊಟ್ಟ ಸಾಲ ಒಂದೂಕಾಲು ಕೋಟಿ. ಬಡ್ಡಿ ಆದಾಯ ಹದಿನಾಲ್ಕು ಲಕ್ಷ, ಮಾರಾಟ ನೂರು ಕೋಟಿಯ ಹತ್ತಿರ. ಹಣಕಾಸು ಆಸ್ತಿ ಅರ್ಧಕ್ಕಿಂತ ಹೆಚ್ಚಿರಬೇಕು, ಅದರಿಂದ ಬರುವ ಆದಾಯವೂ ಅರ್ಧಕ್ಕಿಂತ ಹೆಚ್ಚಿರಬೇಕು, ಎರಡೂ ಒಟ್ಟಿಗೆ ಆದಾಗಲೇ ಎನ್‌ಬಿಎಫ್‌ಸಿ. ಇಲ್ಲಿ ಒಂದೂ ಹತ್ತಿರವಿಲ್ಲ. ಎನ್‌ಬಿಎಫ್‌ಸಿಗೆ ಬೇಕಾದ ಹತ್ತು ಕೋಟಿ ಸ್ವಂತ ನಿಧಿ ಕಟ್ಟಿ ಬೇರೆ ಕಂಪನಿ ತೆರೆಯೋ ಯೋಚನೆಯಲ್ಲಿದ್ದವರು ನಿಟ್ಟುಸಿರು ಬಿಟ್ಟರು. ಆದರೆ ಈ ಪರೀಕ್ಷೆಯಿಂದ ಕೇಂದ್ರದ ಪ್ರಶ್ನೆ ಮಾತ್ರ ಮುಗಿಯುತ್ತೆ. ಬಡ್ಡಿಗೆ ಸಾಲ ಕೊಡುವವರಿಗೆ ನಮ್ಮ ರಾಜ್ಯದ್ದೇ 1961ರ ಲೇವಾದೇವಿದಾರರ ಕಾಯ್ದೆ ಇದೆ, ಅದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆ ಉತ್ತರ ಬರುವ ತನಕ ಹೊಸ ಮುಂಗಡ ಕೊಡಬೇಡಿ ಅಂತ ಬರೆದುಕೊಟ್ಟೆ.

ಈ ಕೆಲಸಕ್ಕೆ ತೊಂಬತ್ತು ಸಾವಿರ ಪಡೆದೆ, ಗೋಡೌನ್ ಲೈಸೆನ್ಸಿಗೆ ಕಾದದ್ದು ಬಿಟ್ಟರೆ ಮೂರು ವಾರ ಹಿಡಿಯಿತು. ವಿಧಾನ ಬೇಡ ಅಂದಿದ್ದ ಹಿರಿಯರು ಕಳೆದ ತಿಂಗಳು ತಮ್ಮದೇ ಒಬ್ಬ ಗಿರಾಕಿಯ ಇ-ವೇ ಬಿಲ್‌ಗಳನ್ನು ನನ್ನ ಮೇಜಿನ ಮೇಲಿಟ್ಟು, "ವಿಳಾಸ ಒಂದ್ಸಲ ನೋಡಿಬಿಡು" ಅಂದರು. ಅಲ್ಲೂ ಎರಡು ಗೋಡೌನ್ ಸಿಕ್ಕವು.